ಭಾನುವಾರದ 74.1: ಒಂದೇ ರಾತ್ರಿಯಲ್ಲಿ ಏರಿದ ತೂಕ ಎಲ್ಲಿಂದ ಬಂತು?

ಪ್ರಶ್ನೆ: ನನಗೆ 38 ವರ್ಷ. ಐದು ವಾರಗಳಿಂದ ಊಟದ ಪ್ರಮಾಣ ಕಡಿಮೆ ಮಾಡಿದ್ದೇನೆ. ದಿನವೂ ಬೆಳಿಗ್ಗೆ ತೂಕ ನೋಡಿ ಬರೆದಿಡುತ್ತೇನೆ, ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ನಾಲ್ಕನೇ ವಾರದ ಶನಿವಾರ ಬೆಳಿಗ್ಗೆ 72.4 ಕೆಜಿ ಇದ್ದೆ. ಅಂದು ರಾತ್ರಿ ಸ್ನೇಹಿತರ ಮನೆಯಲ್ಲಿ ತಡವಾಗಿ, ಹೊಟ್ಟೆ ಬಿರಿಯುವಂತೆ ಊಟವಾಯಿತು. ಭಾನುವಾರ ನೋಡಿದರೆ 74.1! ಉಂಗುರವೂ ಬಿಗಿಯಾಗಿತ್ತು. ಹೆದರಿ ಸೋಮವಾರ, ಮಂಗಳವಾರ ರಾತ್ರಿ ಊಟ ಬಿಟ್ಟೆ. ಶುಕ್ರವಾರಕ್ಕೆ 72.3ಕ್ಕೆ ಬಂತು. ಆದರೂ ಆ ವಾರದ ಸರಾಸರಿ ಹಿಂದಿನ ವಾರಕ್ಕಿಂತ ನೂರು ಗ್ರಾಂ ಚಿಲ್ಲರೆ ಮಾತ್ರ ಕಡಿಮೆ. ಮೊದಲ ವಾರದಲ್ಲಿ ಒಂದೂವರೆ ಕೆಜಿ ಇಳಿದಿತ್ತು. ನಾಲ್ಕು ವಾರದ ಶ್ರಮ ಒಂದು ಊಟಕ್ಕೆ ಹೋಯಿತೇ? ಇಂಥ ದಿನಗಳ ನಂತರ ಊಟ ಬಿಡಬೇಕೇ, ನೀರು ಕಡಿಮೆ ಕುಡಿಯಬೇಕೇ?

ಉತ್ತರ: ಶ್ರಮ ಎಲ್ಲಿಗೂ ಹೋಗಿಲ್ಲ. ನೀವು ಪಟ್ಟಿ ಕಳುಹಿಸಿದ್ದು ಒಳ್ಳೆಯದಾಯಿತು. ನನ್ನ ಬಳಿ ಬರುವ ಹತ್ತರಲ್ಲಿ ಒಂಬತ್ತು ಜನ ನೆನಪಿನಿಂದಲೇ ತೂಕ ಹೇಳುತ್ತಾರೆ, ನೆನಪು ಯಾವಾಗಲೂ ಅತಿ ಹೆಚ್ಚು ಅಥವಾ ಅತಿ ಕಡಿಮೆ ಇದ್ದ ದಿನವನ್ನೇ ಎತ್ತಿ ತೋರಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಉಳಿದ ದಿನಗಳೂ ಇವೆ, ಹಾಗಾಗಿ ಲೆಕ್ಕ ಹಾಕಬಹುದು.

ಶನಿವಾರ ಬೆಳಗಿನಿಂದ ಭಾನುವಾರ ಬೆಳಗಿನವರೆಗೆ ಏರಿದ್ದು 1.7 ಕೆಜಿ. ಇದೆಲ್ಲ ಕೊಬ್ಬೇ ಆಗಿದ್ದರೆ ಎಷ್ಟು ತಿಂದಿರಬೇಕು? ಮೈಮೇಲಿನ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. ಅಂದರೆ 1.7 ಕೆಜಿಗೆ ಹದಿಮೂರು ಸಾವಿರ ಕ್ಯಾಲೊರಿ, ಅದೂ ಆ ದಿನ ದೇಹಕ್ಕೆ ಬೇಕಾದುದೆಲ್ಲ ಖರ್ಚಾದ ಮೇಲೆ ಮಿಕ್ಕಿದ್ದು. ನಿಮ್ಮ ವಯಸ್ಸಿನ, ನಿಮ್ಮ ತೂಕದ ಹೆಂಗಸಿಗೆ ಆರೇಳು ದಿನಕ್ಕೆ ಬೇಕಾಗುವಷ್ಟು ಆಹಾರ ಅದು. ಎಷ್ಟೇ ಹೊಟ್ಟೆ ಬಿರಿಯುವಂತೆ ಉಂಡರೂ ಒಂದು ಹೊತ್ತಿನಲ್ಲಿ ಅಷ್ಟು ಹೊಟ್ಟೆಗಿಳಿಸಲು ಆಗದು. ಹಾಗಾದರೆ ಯಂತ್ರ ತೋರಿಸಿದ್ದು ಸುಳ್ಳೇ? ಅದೂ ಅಲ್ಲ. 1.7 ಕೆಜಿ ನಿಜವಾಗಿಯೂ ನಿಮ್ಮ ಮೈಯಲ್ಲಿತ್ತು. ಅದರಲ್ಲಿ ಬಹುಪಾಲು ಕೊಬ್ಬಾಗಿರಲಿಲ್ಲ, ಅಷ್ಟೇ.

ಉಪ್ಪಿನಿಂದ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಉಂಗುರ ಆ ಕಡೆಗೇ ಬೆರಳು ತೋರಿಸುತ್ತಿದೆ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯನ್ನು ನೋಡಿರುತ್ತೀರಿ. ಅದರ ಮೇಲೆ 0.9% ಎಂದು ಬರೆದಿರುತ್ತದೆ: ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು. ರಕ್ತವೂ ಜೀವಕೋಶಗಳ ಹೊರಗಿರುವ ದ್ರವವೂ ಹೆಚ್ಚುಕಡಿಮೆ ಇದೇ ಹದದಲ್ಲಿರುವುದರಿಂದ ಆ ಪ್ರಮಾಣ. ದೇಹ ಈ ಹದವನ್ನು ಬಹಳ ಬಿಗಿಯಾಗಿ ಕಾಯುತ್ತದೆ. ಉಪ್ಪು ಹೆಚ್ಚು ಹೊಟ್ಟೆಗೆ ಬಿದ್ದರೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಬಾಯಾರಿಕೆಯಾಗುತ್ತದೆ, ನಾವು ನೀರು ಕುಡಿಯುತ್ತೇವೆ. ಜೊತೆಗೆ ಮೂತ್ರಪಿಂಡಗಳು ಆ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಹೆಚ್ಚುವರಿಯಾಗಿ ಬಂದ ಪ್ರತಿ ಒಂಬತ್ತು ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು, ಅಂದರೆ ಒಂದು ಕೆಜಿಯನ್ನು, ತನ್ನ ಜೊತೆ ಕಟ್ಟಿಹಾಕಿಕೊಳ್ಳುತ್ತದೆ. ಮಾಮೂಲಿಗಿಂತ ಆರು ಗ್ರಾಂ ಹೆಚ್ಚು ತಿಂದಿದ್ದರೆ 650 ಗ್ರಾಂ ಏರುತ್ತದೆ. ಆರು ಗ್ರಾಂ ಎಂದರೆ ತಟ್ಟಿದ ಚಹಾ ಚಮಚ ಒಂದು. ಹೊರಗಿನ ಊಟದಲ್ಲಿ ಅಷ್ಟು ಸೇರುವುದು ವಿಶೇಷವೇನಲ್ಲ, ನಾಲಿಗೆಗೆ ಗೊತ್ತೂ ಆಗುವುದಿಲ್ಲ.

ಈ ಉಪ್ಪು ಹೊರಹೋಗಲು ಸಮಯ ಬೇಕು. ಬರೀ ನೀರು ಹೆಚ್ಚು ಕುಡಿದರೆ ಮೂತ್ರಪಿಂಡಗಳು ಒಂದೆರಡು ಗಂಟೆಯಲ್ಲೇ ಹೊರಹಾಕುತ್ತವೆ. ಉಪ್ಪಿನ ವಿಷಯದಲ್ಲಿ ಅವು ನಿಧಾನ. ಹಾರ್ಮೋನುಗಳು ತಗ್ಗಿ, ಸೋಡಿಯಂ ಮೂತ್ರದಲ್ಲಿ ಹೋಗಿ, ಮತ್ತೆ ಹಳೆಯ ಮಟ್ಟ ಮುಟ್ಟುವ ಹೊತ್ತಿಗೆ ಎರಡರಿಂದ ನಾಲ್ಕು ದಿನ ಬೇಕಾಗುತ್ತದೆ. ನಿಮ್ಮ ಪಟ್ಟಿ ಇದನ್ನೇ ಹೇಳುತ್ತಿದೆ. ಭಾನುವಾರ 74.1, ಸೋಮವಾರ 73.8, ಮಂಗಳವಾರ 73.3, ಬುಧವಾರ 72.8, ಗುರುವಾರ 72.5. ಪಾಠಕ್ಕೆಂದು ಬರೆದಿಟ್ಟ ಉದಾಹರಣೆಯ ಹಾಗಿದೆ.

ಎರಡನೆಯದು ಗ್ಲೈಕೋಜೆನ್. ಹಿಟ್ಟು, ಧಾನ್ಯ, ಸಕ್ಕರೆಯಿಂದ ಬಂದ ಶಕ್ತಿಯಲ್ಲಿ ಸ್ವಲ್ಪವನ್ನು ದೇಹ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಈ ರೂಪದಲ್ಲಿ ಕೂಡಿಡುತ್ತದೆ. ಉಗ್ರಾಣ ತುಂಬಿದ್ದಾಗ ಎರಡರಲ್ಲೂ ಸೇರಿ ಸುಮಾರು ಅರ್ಧ ಕೆಜಿ. ಇದು ಒಣಗಿದ ಸರಕಲ್ಲ; ಒಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರಿನೊಂದಿಗೆ ನೆನೆದು ಕೂತಿರುತ್ತದೆ. ನೀವು ನಾಲ್ಕು ವಾರ ಮಿತವಾಗಿ ಉಂಡು ಉಗ್ರಾಣವನ್ನು ಅರೆಬರೆ ಖಾಲಿ ಮಾಡಿದ್ದಿರಿ. ಶನಿವಾರ ರಾತ್ರಿ ಅದು ಸಿಕ್ಕಿದ್ದನ್ನು ತುಂಬಿಕೊಂಡಿತು. 120 ಗ್ರಾಂ ತುಂಬಿಕೊಂಡಿತು ಎಂದಿಟ್ಟುಕೊಳ್ಳೋಣ. ಅದರ ನೀರು 360 ಗ್ರಾಂ. ಒಟ್ಟು ಅರ್ಧ ಕೆಜಿಗೆ ಹತ್ತಿರ.

ನಿಮ್ಮ ಮೊದಲ ವಾರದ ಇಳಿಕೆಗೂ ಇದೇ ಕಾರಣ. ಮೊದಲ ಸೋಮವಾರ 75.2, ಶನಿವಾರ 73.6. ಐದು ದಿನದಲ್ಲಿ 1.6 ಕೆಜಿ. ಊಟ ಕಡಿಮೆಯಾದಾಗ ಗ್ಲೈಕೋಜೆನ್ ಕರಗಿ ಅದರ ನೀರು ಹೊರಟುಹೋಯಿತು. ತಟ್ಟೆಯಲ್ಲಿ ಊಟ ಕಡಿಮೆಯಾದಂತೆ ಉಪ್ಪೂ ಕಡಿಮೆಯಾಯಿತು, ಕರುಳಿನಲ್ಲಿರುವ ಸರಕೂ ಕಡಿಮೆಯಾಯಿತು. ಅದನ್ನು ಕೊಬ್ಬು ಎಂದು ನಂಬಿದ್ದರಿಂದಲೇ ಈಗಿನ ಏರಿಕೆಯೂ ಕೊಬ್ಬು ಎಂದು ಅನ್ನಿಸುತ್ತಿದೆ. ನನ್ನ ಅನುಭವದಲ್ಲಿ ಜನ ಇಳಿದಾಗ ಎಂದೂ ಕಾರಣ ಕೇಳುವುದಿಲ್ಲ. ಏರಿದಾಗ ಮಾತ್ರ ಪತ್ರ ಬರೆಯುತ್ತಾರೆ.

ಇನ್ನು ಹೊಟ್ಟೆಯೊಳಗಿನ ಸರಕು. ರಾತ್ರಿ ತಡವಾಗಿ ಉಂಡದ್ದು ಬೆಳಿಗ್ಗೆ ಯಂತ್ರ ಹತ್ತುವಾಗ ಇನ್ನೂ ದಾರಿಯಲ್ಲಿರುತ್ತದೆ. ಬಾಯಿಂದ ಆರಂಭಿಸಿ ಹೊರಬೀಳುವವರೆಗೆ ಆಹಾರದ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಆ ಊಟದ ತೂಕ, ಕುಡಿದ ಪಾನೀಯವೂ ಸೇರಿ, ಒಂದು ಕೆಜಿ ದಾಟಿದ್ದರೆ ಬೆಳಿಗ್ಗೆ ಅದರಲ್ಲಿ ನಾನೂರು, ನಾನೂರೈವತ್ತು ಗ್ರಾಂ ಉಳಿದಿರುವುದು ಸಹಜ. ಹೊಟ್ಟೆಯಲ್ಲಿರುವ ಆಹಾರಕ್ಕೂ ಕೈಯಲ್ಲಿ ಹಿಡಿದ ಚೀಲಕ್ಕೂ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ನಂಬಲಾಗದವರಿಗೆ ನಾನು ಅರ್ಧ ಲೀಟರ್ ನೀರು ಕುಡಿಸಿ ತಕ್ಷಣ ಮತ್ತೆ ಹತ್ತಿಸುತ್ತೇನೆ. ಅರ್ಧ ಕೆಜಿ ಏರಿರುತ್ತದೆ. ಕ್ಯಾಲೊರಿ ಸೊನ್ನೆ.

ಈಗ ಕೂಡಿಸೋಣ. ಉಪ್ಪಿನ ನೀರು 650 ಗ್ರಾಂ, ಗ್ಲೈಕೋಜೆನ್ ಮತ್ತು ಅದರ ನೀರು 480, ಕರುಳಿನ ಸರಕು 450. ಅಲ್ಲಿಗೇ 1,580 ಗ್ರಾಂ ಆಯಿತು. ಆ ದಿನ ನೀವು ದೇಹದ ಖರ್ಚಿಗಿಂತ ಸಾವಿರ ಕ್ಯಾಲೊರಿ ಹೆಚ್ಚೇ ತಿಂದಿರಿ ಎಂದುಕೊಂಡರೂ ಅರ್ಧದಷ್ಟು ಗ್ಲೈಕೋಜೆನ್ ಆಗಿ ಹೋಯಿತು, ಮಿಕ್ಕ ಐನೂರು ಚಿಲ್ಲರೆ ಕ್ಯಾಲೊರಿಗೆ ಸುಮಾರು 70 ಗ್ರಾಂ ಕೊಬ್ಬು. ಒಟ್ಟು 1.65 ಕೆಜಿ. ಒಂದೊಂದು ಅಂಕಿಯೂ ಅಂದಾಜೇ, ನಿಮ್ಮಲ್ಲಿ ಉಪ್ಪಿನ ಪಾಲು ಇನ್ನೂ ಹೆಚ್ಚಿದ್ದು ಕರುಳಿನ ಪಾಲು ಕಡಿಮೆ ಇದ್ದಿರಬಹುದು. ಕೊಬ್ಬಿನ ಪಾಲು ಮಾತ್ರ ಎಷ್ಟು ಎಳೆದರೂ ನೂರೈವತ್ತು ಗ್ರಾಂ ದಾಟುವುದು ಕಷ್ಟ.

ಎರಡು ರಾತ್ರಿ ಊಟ ಬಿಟ್ಟದ್ದಕ್ಕೆ ಫಲ ಸಿಕ್ಕಿತೇ? ಸ್ವಲ್ಪ ಸಿಕ್ಕಿತು. ಎರಡು ಊಟದಿಂದ ಸಾವಿರ ಕ್ಯಾಲೊರಿ ಉಳಿಯಿತು ಎಂದರೆ 130 ಗ್ರಾಂ ಕೊಬ್ಬಿಗೆ ಸಮ. ಇಳಿದದ್ದು 1.8 ಕೆಜಿ. ಉಳಿದದ್ದು ನೀವು ಮಾಮೂಲಿನಂತೆ ಉಂಡಿದ್ದರೂ ಇಳಿಯುತ್ತಿತ್ತು. ಇಲ್ಲಿ ಅಪಾಯ ಊಟ ಬಿಟ್ಟದ್ದರಲ್ಲಿಲ್ಲ, ಅದರಿಂದ ಕಲಿತ ತಪ್ಪು ಪಾಠದಲ್ಲಿದೆ. ಮುಂದಿನ ಬಾರಿ ಮೂರು ಊಟ ಬಿಡಬೇಕು ಅನ್ನಿಸುತ್ತದೆ, ಮೂರನೇ ದಿನ ಹಸಿವು ತಡೆಯದೆ ಮತ್ತೊಂದು ದೊಡ್ಡ ಊಟ ಆಗುತ್ತದೆ, ಯಂತ್ರ ಮತ್ತೆ ನೆಗೆಯುತ್ತದೆ. ಈ ಗಾಣಕ್ಕೆ ಬಿದ್ದವರನ್ನು ಹೊರಗೆ ತರುವುದು ಕೊಬ್ಬು ಕರಗಿಸುವುದಕ್ಕಿಂತ ಕಷ್ಟ.

ನೀರು ಕಡಿಮೆ ಮಾಡಬೇಡಿ. ಹದ ಕಾಯುವುದೇ ದೇಹದ ಕೆಲಸವಾದ್ದರಿಂದ, ನೀರು ಕಡಿಮೆಯಾದಷ್ಟೂ ಅದು ಇದ್ದುದನ್ನು ಬಿಗಿಯಾಗಿ ಹಿಡಿಯುತ್ತದೆ. ಬಾಯಾರಿದಷ್ಟು ಕುಡಿಯಿರಿ, ಮಾಮೂಲಿ ಊಟಕ್ಕೆ ಮರಳಿ, ಮೂರು ದಿನ ಬಿಡಿ. ಇನ್ನೊಂದು ಎಚ್ಚರಿಕೆ ಹೇಳಲೇಬೇಕು: ಮೂತ್ರ ಹೆಚ್ಚಿಸುವ ಮಾತ್ರೆ, ಭೇದಿ ಔಷಧ, ಬೆವರಿಳಿಸುವ ಹಬೆಕೋಣೆ ಇವೆಲ್ಲ ಅಂಕಿಯನ್ನು ಗಂಟೆಗಳಲ್ಲಿ ಇಳಿಸುತ್ತವೆ. ಇಳಿಯುವುದು ನೀರು. ಮಾತ್ರೆಯ ಜೊತೆ ಪೊಟ್ಯಾಸಿಯಂ ಕೂಡ ಹೋಗಬಹುದು, ಅದು ತೀರಾ ಕಡಿಮೆಯಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ತೂಕಕ್ಕೆಂದು ಇವನ್ನು ತೆಗೆದುಕೊಳ್ಳುವುದು ಬೇಡ.

ಈಗ ನಿಮ್ಮ ಸರಾಸರಿಗೆ ಬರೋಣ. ಪಟ್ಟಿ ನೋಡುತ್ತಾ ನಾನು ಒಂದು ಆಟ ಆಡಿದೆ. ನೀವು ವಾರಕ್ಕೊಮ್ಮೆ, ಭಾನುವಾರ ಮಾತ್ರ, ತೂಕ ನೋಡುವವರಾಗಿದ್ದರೆ ಏನು ಕಾಣುತ್ತಿತ್ತು? 74.0, 73.6, 73.1, 74.1, 72.4. ನಾಲ್ಕನೇ ಭಾನುವಾರ ನಿಂತು ನೋಡಿದರೆ ಒಂದು ತಿಂಗಳ ಪಥ್ಯದ ನಂತರ ನೂರು ಗ್ರಾಂ ಏರಿಕೆ! ಅಲ್ಲಿಗೇ ಕೈಬಿಡುತ್ತಿದ್ದಿರೋ ಏನೋ. ಶನಿವಾರ ಮಾತ್ರ ನೋಡುವವರಾಗಿದ್ದರೆ? 73.6, 73.2, 72.8, 72.4, 72.2. ಮೆಟ್ಟಿಲಿಳಿದಂತೆ ಇಳಿಕೆ. ದೇಹ ಒಂದೇ, ಊಟ ಒಂದೇ, ಒಂದು ದಿನದ ಅಂತರದಲ್ಲಿ ಎರಡು ಬೇರೆ ಕಥೆ. ವಾರಕ್ಕೊಂದೇ ಬಾರಿ ನೋಡುವುದು ಮನಸ್ಸಿಗೆ ಹಗುರ ಎಂದು ಹಲವರು ಸಲಹೆ ಕೊಡುತ್ತಾರೆ. ಆ ಒಂದು ದಿನ ಹಿಂದಿನ ರಾತ್ರಿಯ ಕೈಯಲ್ಲಿರುತ್ತದೆ ಎಂಬುದನ್ನು ಹೇಳುವುದಿಲ್ಲ.

ಏಳು ದಿನದ ಸರಾಸರಿ ಈ ಏರಿಳಿತವನ್ನು ಹೇಗೆ ತಗ್ಗಿಸುತ್ತದೆ ನೋಡಿ. ನಾಲ್ಕನೇ ವಾರದ ಸೋಮವಾರದಿಂದ ಶನಿವಾರದವರೆಗೆ ಆರು ದಿನಗಳ ಸರಾಸರಿ 72.7. ಭಾನುವಾರದ 74.1 ಸೇರಿಸಿದರೆ 72.9. ಅಷ್ಟು ದೊಡ್ಡ ನೆಗೆತ ಏಳರಿಂದ ಭಾಗವಾಗಿ ಇನ್ನೂರು ಗ್ರಾಂ ಆಯಿತು. ಏಳೇ ಏಕೆಂದರೆ, ನಮ್ಮ ಬದುಕು ವಾರದ ಲೆಕ್ಕದಲ್ಲಿ ಸುತ್ತುತ್ತದೆ. ಕೆಲಸದ ದಿನಗಳ ಊಟ ಒಂದು ಬಗೆ, ರಜೆಯ ದಿನದ್ದು ಇನ್ನೊಂದು ಬಗೆ. ಏಳು ದಿನ ತೆಗೆದುಕೊಂಡರೆ ಪ್ರತಿ ಸರಾಸರಿಯಲ್ಲೂ ಒಂದು ಭಾನುವಾರ, ಒಂದು ಸೋಮವಾರ ಇದ್ದೇ ಇರುತ್ತದೆ. ಐದು ದಿನ ತೆಗೆದುಕೊಂಡರೆ ಒಮ್ಮೊಮ್ಮೆ ಒಂದೂ ಭಾನುವಾರ ಇರುವುದಿಲ್ಲ, ಹತ್ತು ದಿನ ತೆಗೆದುಕೊಂಡರೆ ಒಮ್ಮೊಮ್ಮೆ ಎರಡು ಸೇರುತ್ತವೆ.

ಹಾಗಿದ್ದರೂ ಸರಾಸರಿಯೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ನಿಮ್ಮ ಐದನೇ ವಾರದಲ್ಲಿ ಆದದ್ದು ಅದೇ. ನಿಮ್ಮ ಐದು ಸರಾಸರಿಗಳು 74.2, 73.6, 73.1, 72.9, 72.8. ಕೊನೆಯ ಎರಡನ್ನು ಮಾತ್ರ ನೋಡಿದರೆ ತೂಕ ನಿಂತುಹೋಗಿದೆ ಅನ್ನಿಸುತ್ತದೆ. ಆದರೆ ಶನಿವಾರದ ಊಟ ಎರಡು ವಾರಗಳ ಗಡಿಯಲ್ಲಿ ಬಿತ್ತು. ಏರಿದ ಒಂದು ದಿನ ನಾಲ್ಕನೇ ವಾರಕ್ಕೆ ಹೋಯಿತು, ಇಳಿಯಲು ಹಿಡಿದ ಮೂರು ದಿನ ಐದನೇ ವಾರದ ತಲೆಗೆ ಬಂತು. ಒಂದೇ ಉಬ್ಬು ಎರಡು ಸರಾಸರಿಗಳನ್ನೂ ಮೇಲೆತ್ತಿತು, ಎರಡನೆಯದನ್ನು ಹೆಚ್ಚಾಗಿ. ಅದಕ್ಕೇ ನಾನು ಪಕ್ಕಪಕ್ಕದ ಎರಡು ವಾರಗಳನ್ನು ಹೋಲಿಸಿ ಯಾವ ತೀರ್ಮಾನವನ್ನೂ ಕೊಡುವುದಿಲ್ಲ. ಮೂರು ವಾರದ ಅಂತರವಾದರೂ ಬೇಕು.

ಮೊದಲ ವಾರದಲ್ಲಿ ನೀರು ಹೋಗಿರುವುದರಿಂದ ಅದನ್ನು ಬಿಟ್ಟು ಎರಡನೆಯ ವಾರದಿಂದ ಎಣಿಸಿ. 73.6ರಿಂದ 72.8. ಮೂರು ವಾರದಲ್ಲಿ 800 ಗ್ರಾಂ, ವಾರಕ್ಕೆ 270 ಗ್ರಾಂನಷ್ಟು. ಶಕ್ತಿಯ ಲೆಕ್ಕಕ್ಕೆ ತಂದರೆ ದಿನಕ್ಕೆ ಸುಮಾರು 300 ಕ್ಯಾಲೊರಿ ಕೊರತೆ, ಅದೂ ದೊಡ್ಡ ಊಟವನ್ನು ಒಳಗೊಂಡು. ನಿಮ್ಮ ನಿಜವಾದ ವೇಗ ಇದು. ಮೊದಲ ವಾರದ ಒಂದೂವರೆ ಕೆಜಿಯನ್ನು ಅಳತೆಗೋಲು ಮಾಡಿಕೊಂಡಿದ್ದರಿಂದ ಇದು ನಿಮಗೆ ಸಪ್ಪೆಯಾಗಿ ಕಾಣುತ್ತಿದೆ.

ಸರಾಸರಿ ತೆಗೆಯುವಾಗ ಒಂದು ಆಮಿಷವಿದೆ. ಭಾನುವಾರದ ಅಂಕಿ ‘ಲೆಕ್ಕಕ್ಕಿಲ್ಲ’ ಎಂದು ಹೊಡೆದುಹಾಕುವುದು. ಹಾಗೆ ಮಾಡಬೇಡಿ. ಏರಿದ್ದನ್ನು ಹೊಡೆದುಹಾಕುವವರು ಜ್ವರ ಬಂದು, ಭೇದಿಯಾಗಿ ಇಳಿದ ದಿನವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಎಲ್ಲವನ್ನೂ ಬರೆಯಿರಿ, ಪಕ್ಕದಲ್ಲಿ ಎರಡು ಪದದ ಟಿಪ್ಪಣಿ ಹಾಕಿ: ತಡ ಊಟ, ಮಲಬದ್ಧತೆ, ಮುಟ್ಟು, ಹೊಸ ವ್ಯಾಯಾಮ. ಕೊನೆಯದನ್ನು ಬರೆದಿಡಲು ಕಾರಣವಿದೆ. ಅಭ್ಯಾಸವಿಲ್ಲದ ಭಾರ ಎತ್ತಿದ ಮೇಲೆ ಮೈಕೈ ನೋಯುವ ದಿನಗಳಲ್ಲಿ ಸ್ನಾಯುಗಳು ನೀರು ಹಿಡಿಯುತ್ತವೆ. ವ್ಯಾಯಾಮ ಶುರುಮಾಡಿದ ವಾರವೇ ತೂಕ ಏರಿತೆಂದು ವ್ಯಾಯಾಮ ಬಿಟ್ಟವರನ್ನು ಸಾಕಷ್ಟು ನೋಡಿದ್ದೇನೆ. ಒಂದೆರಡು ದಿನ ನೋಡಲು ಮರೆತರೆ ಚಿಂತೆಯಿಲ್ಲ. ನಾಲ್ಕು ದಿನವಾದರೂ ಇದ್ದು, ಅದರಲ್ಲಿ ರಜೆಯ ದಿನವೂ ಸೇರಿದ್ದರೆ ಸರಾಸರಿ ನಂಬಬಹುದು.

ಮುಟ್ಟಿನ ವಿಷಯ ನೀವು ಬರೆದಿಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅರ್ಧದಿಂದ ಎರಡು ಕೆಜಿಯವರೆಗೂ ನೀರು ನಿಲ್ಲುವವರಿದ್ದಾರೆ, ಏನೂ ಆಗದವರೂ ಇದ್ದಾರೆ. ನೀರು ನಿಲ್ಲುವವರಾದರೆ ಏಳು ದಿನದ ಸರಾಸರಿಯೂ ಸಾಲದು, ಏಕೆಂದರೆ ಆ ಇಡೀ ವಾರವೇ ಮೇಲಿರುತ್ತದೆ. ಆಗ ಈ ತಿಂಗಳ ಮುಟ್ಟಿನ ಮುಂಚಿನ ವಾರವನ್ನು ಕಳೆದ ತಿಂಗಳ ಅದೇ ವಾರದೊಂದಿಗೆ ಹೋಲಿಸಬೇಕು.

ತೂಕ ನೋಡುವ ಕ್ರಮ ನಿಮಗೆ ಗೊತ್ತಿದೆ: ಎದ್ದು, ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಹಗುರ ಬಟ್ಟೆಯಲ್ಲಿ. ರಾತ್ರಿ ಮಲಗುವಾಗಿನ ತೂಕಕ್ಕೂ ಬೆಳಗಿನದಕ್ಕೂ, ಮೂತ್ರಕ್ಕೆ ಹೋಗದಿದ್ದರೂ, ಮುನ್ನೂರರಿಂದ ಐನೂರು ಗ್ರಾಂ ವ್ಯತ್ಯಾಸವಿರುತ್ತದೆ. ಅದು ಉಸಿರು ಮತ್ತು ಚರ್ಮದ ಮೂಲಕ ಹೋದದ್ದು. (ಇದರ ಹಿಂದೆ ಬಿದ್ದವರು ಇಟಲಿಯ ವೈದ್ಯ ಸ್ಯಾಂಟೋರಿಯೋ. ನಾಲ್ಕು ಶತಮಾನಗಳ ಹಿಂದೆ ತಕ್ಕಡಿಗೆ ಕುರ್ಚಿ ನೇತುಹಾಕಿ, ಅದರಲ್ಲೇ ಕೂತು ಉಂಡು, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿದ ಮನುಷ್ಯ. ನಮ್ಮ ಪಟ್ಟಿಗಳು ಅವರ ಮುಂದೆ ಏನೂ ಅಲ್ಲ.) ಯಂತ್ರವನ್ನು ಗಟ್ಟಿ, ಸಮನೆಲದಲ್ಲಿ ಒಂದೇ ಜಾಗದಲ್ಲಿಡಿ. ಕೆಲವು ಡಿಜಿಟಲ್ ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸದು ಅದಕ್ಕೆ ಹತ್ತಿರವಿದ್ದರೆ ಹಳೆಯದನ್ನೇ ತೋರಿಸುತ್ತವೆ. ಅನುಮಾನ ಬಂದರೆ ಒಮ್ಮೆ ನೋಡಿ, ಇಳಿದು, ಇನ್ನೂರು ಗ್ರಾಂನ ಏನಾದರೂ ವಸ್ತು ಹಿಡಿದು ಮತ್ತೆ ಹತ್ತಿ. ಅಂಕಿ ಅಲುಗದಿದ್ದರೆ ಯಂತ್ರ ನಿಮಗೆ ನೆನಪನ್ನು ತೋರಿಸುತ್ತಿದೆ. ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳು ದೇಹದ ಮೂಲಕ ಸಣ್ಣ ವಿದ್ಯುತ್ ಹರಿಸಿ ನೀರಿನ ಆಧಾರದ ಮೇಲೆ ಊಹೆ ಮಾಡುತ್ತವೆ. ನೀರೇ ಏರುಪೇರಾದ ದಿನ ಆ ಅಂಕಿಗೆ ಅರ್ಥವಿಲ್ಲ.

ದಿನವೂ ನೋಡುವುದು ಎಲ್ಲರಿಗೂ ಒಗ್ಗುವುದಿಲ್ಲ. ಬೆಳಗಿನ ಅಂಕಿ ಇಡೀ ದಿನದ ಮನಃಸ್ಥಿತಿಯನ್ನು ತೀರ್ಮಾನಿಸುತ್ತಿದ್ದರೆ, ಊಟ ಬಿಡುವುದು ಶಿಕ್ಷೆಯ ರೂಪ ಪಡೆಯುತ್ತಿದ್ದರೆ, ಯಂತ್ರವನ್ನು ಕಪಾಟಿಗೆ ಹಾಕಿ ಎರಡು ವಾರಕ್ಕೊಮ್ಮೆ ಸೊಂಟದ ಸುತ್ತಳತೆ ನೋಡಿ. ಟೇಪಿನ ದೋಷವೆಂದರೆ ಅದು ನಿಧಾನ, ಬಿಗಿ ಸಡಿಲದಲ್ಲಿ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯೂ ಆಗುತ್ತದೆ. ಹಿಂದೆ ಎಂದಾದರೂ ಊಟದ ಬಗ್ಗೆ ತೀವ್ರ ಭಯ, ಬೇಕೆಂದೇ ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದವರಿಗೆ ದಿನದ ತೂಕವನ್ನು ನಾನು ಹೇಳುವುದೇ ಇಲ್ಲ.

ನೀರಿನ ಏರಿಕೆ ಯಾವಾಗ ನಿರುಪದ್ರವಿಯಲ್ಲ ಎಂಬುದನ್ನೂ ತಿಳಿದಿರಿ. ನಿಮ್ಮದು ಒಂದೇ ರಾತ್ರಿ ನೆಗೆದು ನಾಲ್ಕು ದಿನದಲ್ಲಿ ಮರಳಿತು. ಕೆಲವು ವರ್ಷದ ಹಿಂದೆ ನನ್ನ ಬಳಿ ಬರುತ್ತಿದ್ದ ಹಿರಿಯರೊಬ್ಬರ ಪಟ್ಟಿ ಬೇರೆಯಾಗಿತ್ತು. ದಿನಕ್ಕೆ ನಾನೂರು, ಐನೂರು ಗ್ರಾಂನಂತೆ ಐದು ದಿನ ಸತತವಾಗಿ ಏರಿತ್ತು, ಊಟದಲ್ಲಿ ಬದಲಾವಣೆಯಿಲ್ಲ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ತೆಗೆದೆ. ಗುಳಿ ಹಾಗೇ ಉಳಿಯಿತು. ರಾತ್ರಿ ಎರಡು ದಿಂಬು ಏರಿಸಿಕೊಂಡು ಮಲಗುತ್ತಿದ್ದೇನೆ ಎಂದರು. ಪಥ್ಯದ ಮಾತು ಬಿಟ್ಟು ಅಂದೇ ವೈದ್ಯರ ಬಳಿ ಕಳುಹಿಸಿದೆ, ತೊಂದರೆ ಹೃದಯದಲ್ಲಿತ್ತು. ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿ ಇಳಿಯದಿದ್ದರೆ, ಕಾಲಿನಲ್ಲಿ ಗುಳಿ ಬೀಳುವ ಊತವಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಬೆಳಿಗ್ಗೆ ಮುಖ ಊದಿ ಮೂತ್ರ ನೊರೆನೊರೆಯಾಗಿದ್ದರೆ ಸರಾಸರಿಗೆ ಕಾಯಬೇಡಿ. ಉಸಿರು ಕಟ್ಟುವುದಾದರೆ ಅದೇ ದಿನ ಹೋಗಿ. ಸ್ಟೀರಾಯ್ಡ್, ಕೆಲವು ರಕ್ತದೊತ್ತಡದ ಮಾತ್ರೆ, ನೋವಿನ ಮಾತ್ರೆಗಳಿಂದಲೂ ನೀರು ನಿಲ್ಲುತ್ತದೆ. ಹಾಗನ್ನಿಸಿದರೆ ಬರೆದುಕೊಟ್ಟವರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ನಿಮ್ಮ ಊಟದಲ್ಲಿ ಈಗ ಏನನ್ನೂ ಬದಲಿಸಬೇಕಾಗಿಲ್ಲ. ಬಿಟ್ಟ ರಾತ್ರಿ ಊಟವನ್ನು ಮರಳಿ ತನ್ನಿ. ಈಗಿನ ವೇಗದಲ್ಲೇ ಹೋದರೆ ಎಂಟನೇ ವಾರದ ಸರಾಸರಿ 72ರ ಆಸುಪಾಸಿನಲ್ಲಿರಬೇಕು. ನಡುವೆ ಇನ್ನೊಂದು 74 ಕಂಡರೂ ಬರೆದು ಮುಂದೆ ಹೋಗಿ. ಎಂಟನೇ ವಾರದ ಸರಾಸರಿಯೂ 72.8ರಲ್ಲೇ ನಿಂತಿದ್ದರೆ ಆಗ ಪಟ್ಟಿಯ ಜೊತೆ ಒಂದು ವಾರದ ಊಟದ ವಿವರವನ್ನೂ ಕಳುಹಿಸಿ.